ತುಂಗಕ್ಕ ಸ್ವಾಗತ ಭಾಷಣ ಬರೆದದ್ದು

ವರ್ಕಾಡಿಯ ತುಂಗಾ ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದವಳು. ಎಂಟನೆಯದಕ್ಕೆ ದೂರದ ಶಾಲೆಗೆ ನಡೆಯಬೇಕಿತ್ತು. ಮನೆಯಲ್ಲಿ ಬೀಡಿ ಕಟ್ಟಲು ಕೈಗಳೂ ಬೇಕಿದ್ದವು. ಆ ವರ್ಷ ಮಳೆ ಹಿಡಿಯುವ ಮೊದಲೇ ಅವಳ ಮಡಿಲಿಗೆ ಬೀಡಿಯ ತಡ್ಪೆ, ಎಲೆ ಹೊಗೆಸೊಪ್ಪು ಇಡುವ ಮೊರ, ಬಂತು. ಶಾಲೆ ಬಿಟ್ಟದ್ದಕ್ಕೆ ಅವಳು ಅತ್ತದ್ದನ್ನು ಯಾರೂ ನೋಡಿಲ್ಲ. ಆದರೆ ಓದುವ ಚಟವೊಂದು ಅವಳಿಗೆ ಅಂಟಿಕೊಂಡೇ ಉಳಿಯಿತು. ಅಂಗಡಿಯಿಂದ ಬೆಲ್ಲ ಕಟ್ಟಿಕೊಟ್ಟ ಕಾಗದವನ್ನೂ ಎರಡು ಮಗ್ಗುಲು ಓದಿ ಮುಗಿಸದೆ ಅವಳು ಒಲೆಗೆ ಹಾಕುತ್ತಿರಲಿಲ್ಲ.

ಮದುವೆಯಾದ ಮೇಲೆ ಅವಳ ಮನೆಯ ಜಗಲಿ ಆಸುಪಾಸಿನ ಎಂಟು ಹತ್ತು ಹೆಂಗಸರು ಸೇರಿ ಬೀಡಿ ಕಟ್ಟುವ ಜಾಗವಾಯಿತು. ಒಬ್ಬೊಬ್ಬರೇ ಕುಳಿತರೆ ಬೇಜಾರು. ಒಟ್ಟಿಗೆ ಕುಳಿತರೆ ಕೈ ಓಡುತ್ತದೆ. ಗಂಡ ಕುಂಞ ಹೊಸಂಗಡಿಯಿಂದ ತರುವ ಪೇಪರನ್ನು ತುಂಗಾ ಅಲ್ಲಿ ದೊಡ್ಡದಾಗಿ ಓದತೊಡಗಿದಳು. ಅವಳ ಪಾಲಿನ ಎಲೆಯನ್ನು ಉಳಿದವರು ಕತ್ತರಿಸಿ ಕೊಡುತ್ತಿದ್ದರು, ಹಾಗೆ ಒಂದು ಏರ್ಪಾಡು. ಮೂವತ್ತು ವರ್ಷ ಇದು ನಡೆಯಿತು. ಅವಳಿಗೆ ಐವತ್ತೈದಾಗುವ ಹೊತ್ತಿಗೆ ಬೀಡಿ ಕೆಲಸದವರ ಸಂಘದ ವರ್ಕಾಡಿ ಘಟಕದ ಅಧ್ಯಕ್ಷೆಯೂ ಆಗಿದ್ದಳು. ಓದಲು ಬರುತ್ತದೆಂದು ಮೊದಲು ಲೆಟರ್ ಬರೆಯಲು ಕರೆದರು, ಆಮೇಲೆ ಸಹಿ ಹಾಕಲು, ಕೊನೆಗೆ ಕುರ್ಚಿಯಲ್ಲಿ ಕೂರಿಸಿದರು.

ಆ ಡಿಸೆಂಬರಿನಲ್ಲಿ ಮನೆಯಲ್ಲೇ ಕೂತು ದುಡಿಯುವ ಹೆಂಗಸರ ಎರಡು ದಿನದ ಸಮ್ಮೇಳನ ಹೊಸಂಗಡಿಯ ಒಂದು ಹಾಲಿನಲ್ಲಿ ನಡೆಯುವುದೆಂದು ತೀರ್ಮಾನವಾಯಿತು. ನೇಪಾಳದಿಂದ, ಬಾಂಗ್ಲಾದಿಂದ, ಶ್ರೀಲಂಕಾದಿಂದ ಜನ ಬರುವವರಿದ್ದರು. ಕಣ್ಣೂರು ಕಡೆಯ ಮಲಯಾಳದವರು ಹೇಗೂ ಇದ್ದೇ ಇದ್ದರು. ಊರಿನವಳೇ ಸ್ವಾಗತ ಮಾಡಬೇಕು ಎಂದು ಸಮಿತಿ ಹೇಳಿತು. ಅಂದರೆ ತುಂಗಾ.

ಭಾಷಣ ಬರೆದು ಕೊಡುವ ಕೆಲಸ ಸಮಿತಿಯ ಕಾರ್ಯದರ್ಶಿ ಮಹೇಶ್ವರ ಮಾಸ್ಟ್ರ ಪಾಲಿಗೆ ಬಂತು. ಅವರು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಸುತ್ತಲಿನ ಯಾವ ಸಮಾರಂಭದ ಸ್ವಾಗತವಾದರೂ ಅವರ ಪೆನ್ನಿನಿಂದ ಇಳಿದದ್ದೇ ಆಗಿರುತ್ತಿತ್ತು. ಎರಡೇ ದಿನದಲ್ಲಿ ಕನ್ನಡದಲ್ಲಿ ನಾಲ್ಕು ಪುಟ, ಇಂಗ್ಲಿಷಿನಲ್ಲಿ ಎರಡು ಪುಟ ಟೈಪು ಮಾಡಿಸಿ, ಒಂದು ಪ್ರತಿ ತುಂಗಾಳಿಗೂ ಇನ್ನೊಂದನ್ನು ಮಂಗಳೂರಿನ ದುಭಾಷಿ ಗೌತಮಿಗೂ ಕಳುಹಿಸಿದರು. ಮಾತನಾಡುವವರು ಮಾತನಾಡುತ್ತಿರುವಾಗಲೇ ಗಾಜಿನ ಗೂಡಿನೊಳಗೆ ಕುಳಿತು ಅದನ್ನು ಇನ್ನೊಂದು ಭಾಷೆಯಲ್ಲಿ ಹೇಳುತ್ತಾ ಹೋಗುವುದು ಗೌತಮಿಯ ಕೆಲಸ. ಭಾಷಣಗಳನ್ನು ಮೊದಲೇ ಕೊಡಿ ಎಂದು ಅವಳೇ ಕೇಳಿಕೊಂಡಿದ್ದಳು.

ಬುಧವಾರ ಮಧ್ಯಾಹ್ನ, ಸಮ್ಮೇಳನಕ್ಕೆ ಮೂರು ದಿನವಿರುವಾಗ, ಗೌತಮಿ ತಾನಾಗಿಯೇ ವರ್ಕಾಡಿಗೆ ಬಂದಳು. ಜತೆಯಲ್ಲಿ ಮಹೇಶ್ವರ ಮಾಸ್ಟ್ರೂ ಇದ್ದರು. ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದವರು ಸರಿದು ಜಾಗ ಮಾಡಿದರು. ಎಲ್ಲರಿಗಿಂತ ಹಿರಿಯಳಾದ ಕಿನ್ನಿಯಕ್ಕ ಮಾತ್ರ ಸರಿಯಲಿಲ್ಲ. ಅವಳ ಮೊಣಕಾಲು ಒಮ್ಮೆ ಮಡಚಿದರೆ ಸಂಜೆಯವರೆಗೆ ಹಾಗೇ.

"ತುಂಗಕ್ಕ, ಮೊದಲನೇ ವಾಕ್ಯ ಒಮ್ಮೆ ಓದ್ತೀರಾ?" ಎಂದಳು ಗೌತಮಿ.

ತುಂಗಾ ಕನ್ನಡಕ ಹಾಕಿ ಓದಿದಳು: "ಪಡುಗಡಲ ತೆರೆಗಳ ಮೊರೆತವನ್ನೇ ಮಂಗಳವಾದ್ಯವನ್ನಾಗಿಸಿಕೊಂಡು, ಹಲವು ನುಡಿಗಳ ಸಂಗಮಭೂಮಿಯೆನಿಸಿ, ಬೀಡಿಯ ಬೀಡೆಂದು ನಾಡಿನೆಲ್ಲೆಡೆ ಹೆಸರಾಂತ ಈ ಗಡಿನಾಡಿನ ಮಣ್ಣಿಗೆ, ದೂರದ ಹಿಮಾಲಯದ ತಪ್ಪಲಿನಿಂದಲೂ ಸಾಗರದಾಚೆಯ ದ್ವೀಪದಿಂದಲೂ ಶ್ರಮವೆಂದು ಬಗೆಯದೆ ಆಗಮಿಸಿ, ನಮ್ಮ ಆತಿಥ್ಯವನ್ನು ಮನ್ನಿಸಿ, ಈ ವೇದಿಕೆಯನ್ನು ಅಲಂಕರಿಸಿರುವ ಸಮಸ್ತ ಡಿಸ್ಟಿಂಗ್ವಿಶ್ಡ್ ಡೆಲಿಗೇಟ್ಸ್ ಅವರನ್ನು..." ಅಲ್ಲಿಗೆ ಉಸಿರು ಮುಗಿಯಿತು. ಅವಳು ಇನ್ನೊಮ್ಮೆ ಉಸಿರೆಳೆದು "ಹೃತ್ಪೂರ್ವಕವಾಗಿ ಸ್ವಾಗತಿಸುತ್ತಿದ್ದೇನೆ" ಎಂದು ದಡ ಸೇರಿದಳು.

"ಎಷ್ಟು ಚಂದ ಉಂಟು!" ಎಂದಳು ಬೀಡಿ ಕಟ್ಟುವ ಪ್ರಫುಲ್ಲಾ. ಮಾಸ್ಟ್ರ ಮುಖ ಅರಳಿತು.

"ಚಂದ ಉಂಟು," ಗೌತಮಿಯೂ ಒಪ್ಪಿದಳು. "ಕಷ್ಟ ಎಂತ ಗೊತ್ತುಂಟಾ ಮಾಸ್ಟ್ರೆ? ಯಾರು, ಎಂತ ಮಾಡಿದರು ಅಂತ ಇಂಗ್ಲಿಷಿನಲ್ಲಿ ಮೊದಲೇ ಬೇಕು. ನೀವು 'ಸ್ವಾಗತಿಸುತ್ತಿದ್ದೇನೆ' ಅನ್ನುವುದನ್ನು ತುತ್ತತುದಿಯಲ್ಲಿ ಇಟ್ಟಿದ್ದೀರಿ. ಅದು ಬರುವವರೆಗೆ ನಾನು ಬಾಯಿ ಮುಚ್ಚಿ ಕೂತರೆ, ಕಿವಿಗೆ ಹಾಕಿಕೊಂಡವರು ಮೆಷಿನ್ ಹಾಳಾಯಿತು ಅಂತ ತೆಗೆದಿಡ್ತಾರೆ. ಬಾಯಿ ಬಿಟ್ಟು ಊಹೆ ಮಾಡಿ ಹೇಳಿದರೆ, ನೀವು ಕೊನೆಗೆ ಬೇರೆ ಎಂತಾದರೂ ಹೇಳಿದಿರಿ ಅಂತ ಇಟ್ಟುಕೊಳ್ಳಿ, ನನ್ನ ಕಥೆ ಮುಗಿಯಿತು."

"ಬರೆದು ಕೊಟ್ಟಿದ್ದೇನಲ್ಲ, ನೋಡಿ ಓದಿದರಾಯಿತು."

"ಅದೂ ಒಂದುಂಟು ಮಾಸ್ಟ್ರೆ. ಇಂಗ್ಲಿಷಿನಲ್ಲಿ ಎರಡೇ ಪುಟ ಉಂಟು. ಕನ್ನಡದಲ್ಲಿರುವ ಅರ್ಧ ಅದರಲ್ಲಿಲ್ಲ, ಅದರಲ್ಲಿರುವ ಕೆಲವು ಕನ್ನಡದಲ್ಲಿಲ್ಲ. ಯಾವುದನ್ನು ನಂಬುವುದು? ಮತ್ತೆ ಮಲಯಾಳದ ಬೂತಿನವರಿಗೆ ಕನ್ನಡ ಬರುವುದಿಲ್ಲ. ಅವರು ನನ್ನ ಇಂಗ್ಲಿಷ್ ಕೇಳಿ ಮಲಯಾಳ ಮಾಡುವವರು. ನಾನು ಎಡವಿದರೆ ಅವರೂ ಎಡವಿದರು."

ಮಾಸ್ಟ್ರಿಗೆ ಬೇಸರವಾಗಿತ್ತು, ಆದರೆ ಜಗಳಕ್ಕೆ ಇಳಿಯುವ ಜಾತಿಯಲ್ಲ. "ಬೀಡಿಯ ಬೀಡು ಆದರೂ ಇರಲಿ," ಎಂದರು. ಗೌತಮಿ ನಕ್ಕು, "ಆ ತಮಾಷೆ ಇರುವುದು ಶಬ್ದದಲ್ಲಿ. ಶಬ್ದ ಬದಲಾದರೆ ಅದು ಹೋಯಿತು. ಕನ್ನಡದವರು ನಗ್ತಾರೆ, ನೇಪಾಳದವರು ಇವರೆಲ್ಲ ಯಾಕೆ ನಗುವುದು ಅಂತ ಮುಖ ನೋಡ್ತಾರೆ," ಎಂದಳು.

ತುಂಗಾ ಈ ಮಾತುಗಳನ್ನು ಕೇಳುತ್ತಾ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ಅಷ್ಟರಲ್ಲಿ ಕಿನ್ನಿಯಕ್ಕ ತುಳುವಿನಲ್ಲಿ ಗದರಿದಳು, "ಗಂಟೆ ಮೂರಾಯಿತು. ಇವತ್ತು ಪೇಪರು ಓದುವುದಿಲ್ವಾ?"

ಅತಿಥಿಗಳ ಎದುರು ಹೇಗೆ ಓದುವುದೆಂದು ತುಂಗಾ ಹಿಂಜರಿದಳು. ಗೌತಮಿಯೇ ಓದಿ ಎಂದಳು. ಚಾ ಕಾಯುವವರೆಗೆ ಇರಲಿ ಎಂದು ತುಂಗಾ ಪೇಪರು ಬಿಡಿಸಿದಳು. ಗಡಿನಾಡಿನ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರನ್ನು ನೇಮಿಸಬೇಕೆಂದು ಒತ್ತಾಯಿಸಿ ಹೆತ್ತವರು ನಾಲ್ಕು ದಿನಗಳಿಂದ ನಡೆಸುತ್ತಿದ್ದ ಧರಣಿಯನ್ನು, ಅಧಿಕಾರಿಗಳು ಭರವಸೆ ನೀಡಿದ ಹಿನ್ನೆಲೆಯಲ್ಲಿ, ಮಂಗಳವಾರ ಹಿಂತೆಗೆದುಕೊಂಡರು ಎಂದು ಒಂದೇ ವಾಕ್ಯದಲ್ಲಿ ಸುದ್ದಿಯಿತ್ತು. ತುಂಗಾ ಅದನ್ನು ಹಾಗೆ ಓದಲಿಲ್ಲ. ಕಣ್ಣು ಕನ್ನಡದ ಸಾಲಿನ ಮೇಲೆ ಓಡುತ್ತಿತ್ತು, ಬಾಯಲ್ಲಿ ತುಳು ಬರುತ್ತಿತ್ತು. "ಶಾಲೆಯ ಧರಣಿ ಉಂಟಲ್ಲ, ಅದು ನಿಂತಿತು. ಮಂಗಳವಾರ. ಕೂತದ್ದು ಮಕ್ಕಳ ಅಪ್ಪ ಅಮ್ಮಂದಿರು. ನಾಲ್ಕು ದಿನ ಕೂತರು. ಕನ್ನಡ ಬರುವ ಮಾಸ್ಟ್ರು ಬೇಕು ಅಂತ. ಆಫೀಸಿನವರು ಕೊಡ್ತೇವೆ ಅಂತ ಹೇಳಿದ್ದಾರೆ." ಅಲ್ಲಿ ಅವಳು ನಿಂತಳು. ಹೆಂಗಸರು ಕೈಯಲ್ಲಿದ್ದ ಬೀಡಿಯ ಕಟ್ಟಿಗೆ ನೂಲು ಸುತ್ತಿ ಮುಗಿಸಿದರು. ಕಿನ್ನಿಯಕ್ಕ "ಕೊಡ್ತಾರೆ, ಕೊಡ್ತಾರೆ," ಎಂದು ಗೊಣಗಿದಳು. ತುಂಗಾ ಮುಂದಿನ ಸುದ್ದಿಗೆ ಹೋದಳು.

ಅಷ್ಟರಲ್ಲಿ ಕೈಗೆ ಬಂದಿದ್ದ ಚಾ ಲೋಟವನ್ನು ಗೌತಮಿ ಕೆಳಗಿಟ್ಟಳು. ಅವಳಿಗೆ ತುಳು ಚೆನ್ನಾಗಿ ಬರುತ್ತಿತ್ತು.

"ತುಂಗಕ್ಕ, ಇದು ಯಾರು ಕಲಿಸಿದ್ದು?"

"ಎಂತದ್ದು?"

"ಕನ್ನಡ ನೋಡಿ ತುಳುವಿನಲ್ಲಿ ಹೇಳುವುದು. ವಾಕ್ಯ ತುಂಡು ಮಾಡುವುದು. ನಡುವೆ ನಿಲ್ಲುವುದು."

"ಕಲಿಸುವುದು ಎಂತ? ಕಿನ್ನಿಯಕ್ಕನಿಗೆ ಕನ್ನಡ ಅರ್ಥ ಆಗುವುದಿಲ್ಲ. ಪೇಪರಿನಲ್ಲಿದ್ದ ಹಾಗೆ ಓದಿದರೆ 'ಯಾರು, ಯಾರು' ಅಂತ ಕೇಳ್ತಾರೆ. ಯಾರು ಅಂತ ಹೇಳುವಾಗ ಎಲ್ಲರ ಕೈಯೂ ನಿಲ್ತದೆ, ಕಟ್ಟಿನ ಲೆಕ್ಕವೂ ತಪ್ತದೆ. ಹಾಗಾಗಿ ಯಾರು ಅಂತ ಮೊದಲೇ ಹೇಳಿಬಿಡುವುದು."

"ಮಾರಾಯ್ತಿ, ಇದೇ ನನ್ನ ಕೆಲಸ," ಎಂದುಬಿಟ್ಟಳು ಗೌತಮಿ. ಹಿರಿಯರನ್ನು ಹಾಗೆ ಕರೆದದ್ದು ಅರಿವಾಗಿ ನಾಲಿಗೆ ಕಚ್ಚಿಕೊಂಡಳು. ಜಗಲಿಯೆಲ್ಲ ನಕ್ಕಿತು. ತುಂಗಾಳಿಗೆ ಮಾತ್ರ ನಗಲಾಗಲಿಲ್ಲ. ಮೂವತ್ತು ವರ್ಷ ಹೊತ್ತು ಹೋಗಲೆಂದು ಮಾಡಿದ್ದಕ್ಕೆ ಹೊರಗೆ ಒಂದು ಕೆಲಸದ ಹೆಸರಿದೆ, ಅದನ್ನು ಮಾಡುವವರು ಗಾಜಿನ ಗೂಡಿನಲ್ಲಿ ಕೂರುತ್ತಾರೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

"ಹಾಗಾದರೆ ಭಾಷಣ ನಾನೇ ಹೇಳ್ತೇನೆ. ಮಾಸ್ಟ್ರು ಬರೆಯಲಿ," ಎಂದಳು.

ಅಲ್ಲೇ ಕುಳಿತು ಬರೆದರು. ತುಂಗಾ ಹೇಳಿದಳು, ಮಾಸ್ಟ್ರು ಕನ್ನಡ ತಿದ್ದಿದರು, ಆಮೇಲೆ ಎದುರಿನ ಪುಟದಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಇಳಿಸಿದರು. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್. ಎರಡರಲ್ಲೂ ಪ್ಯಾರಾಗಳಿಗೆ ಒಂದೇ ನಂಬರು. ಎಡಗಡೆ ಒಂದು ಸಾಲು ತೆಗೆದರೆ ಬಲಗಡೆಯದನ್ನೂ ತೆಗೆಯಬೇಕು. "ಸ್ವಾಗತ" ಎಂಬ ಮಾತು ಪ್ರತಿ ಸಾಲಿನ ತಲೆಗೆ ಬಂತು: ಸ್ವಾಗತ, ನೇಪಾಳದ ಅಕ್ಕಂದಿರಿಗೆ. ಸ್ವಾಗತ, ಬಾಂಗ್ಲಾದ ಅಕ್ಕಂದಿರಿಗೆ.

"ಇದು ಸ್ವಾಗತ ಭಾಷಣವಾ, ಶಾಲೆಯ ಹಾಜರಿ ಪುಸ್ತಕವಾ?" ಎಂದು ಮಾಸ್ಟ್ರು ಒಮ್ಮೆ ತಡೆಯಲಾರದೆ ಕೇಳಿದರು.

"ಹಾಜರಿ ಕರೆದರೆ ಎಲ್ಲರೂ ಕಿವಿ ನೆಟ್ಟಗೆ ಮಾಡ್ತಾರಲ್ಲ ಮಾಸ್ಟ್ರೆ?" ಎಂದಳು ತುಂಗಾ. ಮಾಸ್ಟ್ರು ನಕ್ಕು ಆ ಸಾಲು ಬರೆದುಕೊಂಡರು. ಮೂವತ್ತಮೂರು ವರ್ಷ ಹಾಜರಿ ಕರೆದವರು ಅವರು.

ಅತಿಥಿಗಳ ಹೆಸರುಗಳನ್ನು ಬೇರೆ ಹಾಳೆಯಲ್ಲಿ, ಉಚ್ಚರಿಸುವ ಹಾಗೆ ಕನ್ನಡ ಅಕ್ಷರದಲ್ಲೂ ಬರೆದರು. ಸಂಘದ ಉದ್ದ ಹೆಸರನ್ನು ಮೂರು ಅಕ್ಷರಕ್ಕೆ ಕುಗ್ಗಿಸಿದ್ದನ್ನು ಬಿಡಿಸಿ ಪೂರ್ತಿಯಾಗಿ ಹಾಕಿದರು. ಕೊನೆಯಲ್ಲಿ ಸ್ವಲ್ಪ ಇಂಗ್ಲಿಷ್ ಬೇಕು ಎಂದು ಮಾಸ್ಟ್ರು ಪಟ್ಟು ಹಿಡಿದರು. ಗೌತಮಿ ಅದಕ್ಕೂ ಒಪ್ಪಿದಳು.

"ಆದರೆ ಕನ್ನಡದ ಒಳಗೆ ಇಂಗ್ಲಿಷ್ ಬೆರೆಸುವುದು ಬೇಡ. ಕನ್ನಡ ಮುಗಿಸಿ, ನಿಂತು, ಇನ್ನು ಇಂಗ್ಲಿಷ್ ಅಂತ ಹೇಳಿ ಶುರು ಮಾಡಿ. ಆಗ ನಾನು ಮತ್ತೆ ನನ್ನ ಜತೆ ಕೂರುವ ಅವಿನಾಶ ಸ್ವಿಚ್ ಬದಲಾಯಿಸಬೇಕು. ಅಲ್ಲಿಯವರೆಗೆ ಇಂಗ್ಲಿಷಿಗೆ ಹೋಗುತ್ತಿದ್ದ ನಮ್ಮ ಸ್ವರ ಆಮೇಲೆ ಕನ್ನಡದ ಚಾನೆಲ್‌ಗೆ ಹೋಗಬೇಕು. ನೀವು ಥಟ್ಟನೆ ಹಾರಿದರೆ ಎರಡು ಕಡೆಯವರಿಗೂ ಒಂದು ತುಂಡು ತಪ್ತದೆ."

ಮಾಸ್ಟ್ರು ಅಲ್ಲಿ ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದರು.

"ಕಾಗದದಲ್ಲಿ ಇಲ್ಲದ್ದು ಎಂತಾದರೂ ಬಾಯಿಗೆ ಬಂದರೆ?" ಎಂದಳು ತುಂಗಾ.

ಗೌತಮಿ ಯೋಚಿಸಿದಳು. "ಕನ್ನಡಕ ತೆಗೆಯಿರಿ. ನಾನು ಗಾಜಿನ ಹಿಂದಿನಿಂದ ನೋಡ್ತಾ ಇರ್ತೇನೆ. ಕನ್ನಡಕ ತೆಗೆದರು ಅಂದರೆ ಕಾಗದ ಬಿಟ್ಟು ನಿಮ್ಮ ಬಾಯಿ ನೋಡಬೇಕು ಅಂತ ನನಗೆ ಗೊತ್ತಾಗ್ತದೆ."

ಶನಿವಾರ ಬೆಳಿಗ್ಗೆ ಹಾಲು ತುಂಬಿತ್ತು. ಹಿಂಬದಿಯ ಗೋಡೆಗೆ ತಾಗಿ ಮೂರು ಬೂತುಗಳು: ಒಂದು ಕನ್ನಡ ಇಂಗ್ಲಿಷಿನದು, ಒಂದು ಮಲಯಾಳದ್ದು, ಮೂರನೆಯದು ಹಿಂದಿಯದು. ಹಿಂದಿಯವರು ಭಾನುವಾರದ ಗೋಷ್ಠಿಗೆ ಮಾತ್ರ ಬರುವವರಾದ್ದರಿಂದ ಅದು ಖಾಲಿ. ಸಲಕರಣೆ ತಂದ ಪ್ರವೀತ್ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಕಿವಿಗೆ ಹಾಕುವ ಯಂತ್ರ ಕೊಡುತ್ತಿದ್ದ. ಒಂದು ಒತ್ತಿದರೆ ಇಂಗ್ಲಿಷ್, ಎರಡು ಕನ್ನಡ, ಮೂರು ಮಲಯಾಳ.

ತುಂಗಾ ನೀಲಿ ಅಂಚಿನ ಸೀರೆ ಉಟ್ಟು ಮೈಕಿನ ಮುಂದೆ ನಿಂತಳು. ದೂರದ ಗಾಜಿನ ಹಿಂದೆ ಗೌತಮಿ ಹೆಬ್ಬೆರಳು ಎತ್ತಿ ತೋರಿಸಿದಳು.

"ನಮಸ್ಕಾರ. ನನ್ನ ಹೆಸರು ತುಂಗಾ. ನಾನು ವರ್ಕಾಡಿಯವಳು. ಹನ್ನೆರಡನೇ ವಯಸ್ಸಿನಿಂದ ಬೀಡಿ ಕಟ್ಟುತ್ತಿದ್ದೇನೆ." ನಿಂತಳು. "ಇಂದು ನನಗೊಂದು ಸಂತೋಷದ ಕೆಲಸ ಸಿಕ್ಕಿದೆ. ನಿಮ್ಮನ್ನು ಸ್ವಾಗತಿಸುವ ಕೆಲಸ. ಸ್ವಾಗತ, ನೇಪಾಳದ ಅಕ್ಕಂದಿರಿಗೆ." ಎರಡು ಉಸಿರಿನಷ್ಟು ಕಾದಳು. ಮುಂದಿನ ಸಾಲಿನಲ್ಲಿದ್ದ ನೇಪಾಳದ ನಾಲ್ಕು ಮಂದಿ ಕಿವಿಯಲ್ಲಿ ತಮ್ಮ ದೇಶದ ಹೆಸರು ಕೇಳಿ ಒಟ್ಟಿಗೆ ಎದ್ದು ಕೈ ಮುಗಿದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಬಾಂಗ್ಲಾದವರ ಸರದಿ ಬಂದಾಗ ಅವರೂ ಎದ್ದರು. ಆಮೇಲೆ ಪ್ರತಿ ಸಾಲಿಗೂ ಒಂದೊಂದು ಗುಂಪು ಎದ್ದಿತು, ಚಪ್ಪಾಳೆ ಬಿತ್ತು. ಮಾಸ್ಟ್ರು ವೇದಿಕೆಯ ಮೂಲೆಯಲ್ಲಿ ಕುಳಿತು ತಮಗೆ ಗೊತ್ತಿಲ್ಲದೆಯೇ ತಾಳ ಹಾಕುತ್ತಿದ್ದರು.

ನಾಲ್ಕನೇ ಪ್ಯಾರಾದಲ್ಲಿ ಬೀಡಿಯ ಬೀಡು ಇದ್ದ ಜಾಗಕ್ಕೆ ಅವಳು ತನ್ನ ಮದುವೆಯ ಮಾತು ಹಾಕಿಸಿದ್ದಳು.

"ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಅಡುಗೆ ಬರುತ್ತದಾ ಎಂದು ಅವರು ಕೇಳಲಿಲ್ಲ. ದಿನಕ್ಕೆ ಎಷ್ಟು ಬೀಡಿ ಕಟ್ಟುತ್ತೀ ಎಂದು ಕೇಳಿದರು. ನಾನು ಸಾವಿರ ಎಂದೆ. ಅದು ಸುಳ್ಳು. ನಾನು ಕಟ್ಟುತ್ತಿದ್ದದ್ದು ಎಂಟುನೂರು. ಮದುವೆಯಾಯಿತು. ಉಳಿದ ಇನ್ನೂರಕ್ಕೆ ನನ್ನ ಗಂಡನನ್ನು ಕೂರಿಸಿದೆ."

ಎಡಗಡೆಯ ವರ್ಕಾಡಿ, ಮಂಜೇಶ್ವರದ ಹೆಂಗಸರು ಗೊಳ್ಳೆಂದು ನಕ್ಕರು. ಹಿಂದಿನ ಸಾಲಿನಲ್ಲಿ ಕುಂಞ ತಲೆ ತಗ್ಗಿಸಿದ. ಆ ನಗು ಇಳಿಯುವಷ್ಟರಲ್ಲಿ ನಡುವಿನ ಸಾಲುಗಳಲ್ಲಿ ಇಂಗ್ಲಿಷ್ ಕೇಳುತ್ತಿದ್ದವರು ನಕ್ಕರು. ಶ್ರೀಲಂಕಾದ ಒಬ್ಬಳು ಪಕ್ಕದವಳ ತೊಡೆಗೆ ಹೊಡೆದಳು. ತುಂಗಾ ಮುಂದಿನ ಸಾಲಿಗೆ ಹೋಗಲಿಲ್ಲ. ಮಲಯಾಳ ಇಂಗ್ಲಿಷನ್ನು ಹಿಡಿದುಕೊಂಡು ಬರುತ್ತದೆ ಎಂದು ಅವಳಿಗೆ ನೆನಪಿತ್ತು. ಅವಳು ಬಲಗಡೆಗೆ ಮುಖ ಮಾಡಿ ಕಾದಳು. ಮೂರನೇ ನಗು ಅಲ್ಲಿಂದ ಎದ್ದಿತು. ಅವಳು ಕಾಯುತ್ತಿದ್ದಾಳೆಂದು ತಿಳಿದ ಇಡೀ ಹಾಲು ಇನ್ನೊಮ್ಮೆ, ಈ ಸಲ ಒಟ್ಟಿಗೆ, ನಕ್ಕಿತು.

ಐದನೇ ಪ್ಯಾರಾ ಶುರುವಾಗುವಾಗ ಬಾಗಿಲಲ್ಲಿ ಗಡಿಬಿಡಿಯಾಯಿತು. ರೈಲು ತಡವಾಗಿ ಬಂದ ಕಣ್ಣೂರಿನ ಎಂಟು ಮಂದಿ ಬ್ಯಾಗು ಹಿಡಿದು, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದರು. ತುಂಗಾ ಕನ್ನಡಕ ತೆಗೆದಳು. ಬೂತಿನಲ್ಲಿ ಗೌತಮಿ ಅವಿನಾಶನ ಕೈಗೆ ತಟ್ಟಿ ಕಾಗದ ಮಗುಚಿ ಹಾಕಿದಳು.

"ಸ್ವಾಗತ, ಕಣ್ಣೂರಿನವರಿಗೆ. ಬನ್ನಿ, ಕೂತುಕೊಳ್ಳಿ. ಪ್ರವೀತ್, ಅವರಿಗೆ ಮೊದಲು ಕಿವಿಯದ್ದು ಕೊಡು. ಈಗ ನಾನು ಹೇಳುವುದು ಅವರಿಗೆ ಕೇಳುವುದಿಲ್ಲ. ಕೊಡುವವರೆಗೆ ನಾವೆಲ್ಲ ಕಾಯುವ." ಹಾಲು ಕಾಯಿತು. ಎಂಟನೆಯವಳು ಯಂತ್ರವನ್ನು ಕಿವಿಗೆ ಹಾಕಿ, ಮೂರು ಒತ್ತಿ, ತಲೆಯಾಡಿಸಿದಳು. "ಈಗ ಕೇಳ್ತದಾ? ಸರಿ. ಸ್ವಾಗತ, ಕಣ್ಣೂರಿನವರಿಗೆ." ಎರಡನೇ ಸಲ ಹೇಳಿದ್ದಕ್ಕೆ ಮೊದಲಿಗಿಂತ ದೊಡ್ಡ ಚಪ್ಪಾಳೆ ಬಂತು. ಅವಳು ಕನ್ನಡಕ ಹಾಕಿಕೊಂಡು ಐದನೇ ಪ್ಯಾರಾಕ್ಕೆ ಮರಳಿದಳು.

ಕೆಂಪು ಗೆರೆ ಬಂದಾಗ ನಿಂತು ನೀರು ಕುಡಿದಳು. "ಫ್ರೆಂಡ್ಸ್, ನೌ ಐ ಸ್ಪೀಕ್ ಇಂಗ್ಲಿಷ್." ಬೂತಿನಲ್ಲಿ ಅವಿನಾಶ ಸ್ವಿಚ್ ಒತ್ತಿದ್ದು ಅವಳಿಗೆ ಕಾಣಿಸಿತು. ಊಟ ಒಂದು ಗಂಟೆಗೆ, ಕುಡಿಯುವ ನೀರು ಬಾಗಿಲ ಬಲಗಡೆ, ಯಂತ್ರವನ್ನು ಹೋಗುವಾಗ ವಾಪಸು ಕೊಡಿ, ಏನು ಬೇಕಿದ್ದರೂ ಹಳದಿ ರಿಬ್ಬನ್ನಿನವರನ್ನು ಕೇಳಿ: ನಾಲ್ಕು ಸಣ್ಣ ವಾಕ್ಯ. ಪರ ಊರಿನಿಂದ ಬಂದವರಿಗೆ ನಿಜವಾಗಿ ಬೇಕಾದದ್ದು ಇದೇ ಎಂದು ಅವಳೇ ಆರಿಸಿದ್ದಳು. ಕನ್ನಡದವರು ಯಂತ್ರವನ್ನು ಕಿವಿಗೆ ಒತ್ತಿಕೊಂಡು, ತಮ್ಮ ತುಂಗಕ್ಕ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅವಿನಾಶನ ಕನ್ನಡದಲ್ಲಿ ಕೇಳಿ ಬಾಯಿಗೆ ಸೆರಗು ಹಿಡಿದರು.

ಒಟ್ಟು ಒಂಬತ್ತು ನಿಮಿಷ. ಕೆಳಗಿಳಿದಾಗ ಮಾಸ್ಟ್ರು ಅವಳ ಎರಡೂ ಕೈ ಹಿಡಿದುಕೊಂಡರು. "ತುಂಗಕ್ಕ, ನನ್ನ ಸ್ವಾಗತಕ್ಕೆ ಯಾರೂ ಹೀಗೆ ಎದ್ದು ನಿಂತದ್ದಿಲ್ಲ," ಎಂದರು. ಮುಖದಲ್ಲಿ ಒಂದಿಷ್ಟೂ ಕಹಿ ಇರಲಿಲ್ಲ.

ಚಾ ಹೊತ್ತಿಗೆ ಬೂತಿನಿಂದ ಹೊರಬಂದ ಗೌತಮಿಗೆ ಒಂದು ವಿಚಾರ ಹೊಳೆದಿತ್ತು. ಕಿನ್ನಿಯಕ್ಕ ಮತ್ತು ಅವಳ ಹಾಗೆ ತುಳು ಮಾತ್ರ ಅರ್ಥವಾಗುವ ಹತ್ತು ಹನ್ನೆರಡು ಮುದುಕಿಯರು ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತದ್ದನ್ನು ಅವಳು ಗಾಜಿನಿಂದ ನೋಡಿದ್ದಳು.

"ಹಿಂದಿಯ ಬೂತು ಖಾಲಿ ಉಂಟು. ಊಟ ಆದ ಮೇಲೆ ಮಾತಾಡುವವರು ಕನ್ನಡದಲ್ಲೇ ಮಾತಾಡ್ತಾರೆ. ಸ್ವಲ್ಪ ಹೊತ್ತು ನೀವು ತುಳುವಿನಲ್ಲಿ ಹೇಳ್ತೀರಾ?"

"ಪೇಪರು ಎದುರಲ್ಲಿ ಇಲ್ಲದೆಯಾ?"

"ಕಿವಿಯಲ್ಲಿ ಬರ್ತದೆ. ನಿಮ್ಮ ಭಾಷಣಕ್ಕೆ ನಾನು ಮಾಡಿದ್ದೂ ಅರ್ಧ ಹಾಗೇ."

ಪ್ರವೀತ್ ನಾಲ್ಕನೇ ಚಾನೆಲ್ ತೆರೆದು, ಮುದುಕಿಯರ ಯಂತ್ರಗಳಲ್ಲಿ ನಾಲ್ಕು ಒತ್ತಿಕೊಟ್ಟ. ತುಂಗಾ ಗಾಜಿನ ಗೂಡಿನಲ್ಲಿ ಕುಳಿತು ಹೆಡ್‌ಫೋನ್ ಹಾಕಿಕೊಂಡಳು. ವೇದಿಕೆಯಲ್ಲಿ ಮಾತು ಶುರುವಾಯಿತು. ಮೊದಲ ಎರಡು ವಾಕ್ಯ ಅವಳ ಬಾಯಿ ತೆರೆಯುವ ಮೊದಲೇ ಹಾರಿ ಹೋದವು. ಮೂರನೆಯದರ ಬಾಲ ಸಿಕ್ಕಿತು. ಕೇಳುವುದು, ಹೇಳುವುದು, ಹೇಳುತ್ತಿರುವಾಗ ಮುಂದಿನದನ್ನು ಕೇಳುವುದು. ಪೇಪರಾದರೆ ತನಗಾಗಿ ನಿಲ್ಲುತ್ತಿತ್ತು, ಇದು ನಿಲ್ಲುತ್ತಿರಲಿಲ್ಲ. ಹಣೆಯಲ್ಲಿ ಬೆವರು ಬಂತು. ಒಂದು ಕಡೆ ಭಾಷಣಕಾರರು ವಾಕ್ಯವನ್ನು ಎಳೆಯುತ್ತಾ ಎಳೆಯುತ್ತಾ ಹೋದಾಗ, ಮೈಕ್ ಮರೆತು "ಬೇಗ ಹೇಳು ಮಾರಾಯ" ಎಂದುಬಿಟ್ಟಳು. ಅದೂ ನಾಲ್ಕನೇ ಚಾನೆಲ್‌ನಲ್ಲಿ ಹೋಯಿತು. ಎಲ್ಲರೂ ಗಂಭೀರವಾಗಿದ್ದ ಹಾಲಿನಲ್ಲಿ ಹನ್ನೆರಡು ಮುದುಕಿಯರು ಕಿಸಕ್ಕೆಂದು ನಕ್ಕರು.

ಹದಿನೈದು ನಿಮಿಷಕ್ಕೆ ಗೌತಮಿ ಬಂದು ಸಾಕು ಎಂದು ಸನ್ನೆ ಮಾಡಿದಳು. ಈ ಕೆಲಸ ಮಾಡುವವರು ಕೂಡ ಅರ್ಧ ಗಂಟೆಗಿಂತ ಹೆಚ್ಚು ಒಬ್ಬರೇ ಎಳೆಯುವುದಿಲ್ಲವಂತೆ. ತುಂಗಾ ಹೆಡ್‌ಫೋನ್ ತೆಗೆದಾಗ ಅವಳ ಗಂಟಲು ಒಣಗಿತ್ತು, ಕಣ್ಣು ಮಿನುಗುತ್ತಿತ್ತು. ಉಳಿದ ಮಾತನ್ನು ತುಳು ಬಲ್ಲ ಗೌತಮಿ, ತನ್ನ ಸರದಿ ಅವಿನಾಶನಿಗೆ ಬಿಟ್ಟು, ತಾನೇ ಕುಳಿತು ಹೇಳಿ ಮುಗಿಸಿದಳು.

ಸಂಜೆ ಹಾಲಿನ ಹೊರಗೆ ಕಿನ್ನಿಯಕ್ಕ ಯಂತ್ರವನ್ನು ವಾಪಸು ಕೊಡಲು ಒಪ್ಪದೆ ಪ್ರವೀತ್‌ನೊಂದಿಗೆ ವಾದಿಸುತ್ತಿದ್ದಳು. ತುಂಗಾಳನ್ನು ಕಂಡು, "ಭಾಷಣ ಚಂದ ಇತ್ತು," ಎಂದಳು.

"ಯಾರದ್ದು? ಆ ದೊಡ್ಡ ಮನುಷ್ಯರದ್ದಾ?"

"ಅವರದ್ದು ಯಾರು ಕೇಳಿದರು? ನಿನ್ನದು," ಎಂದಳು ಕಿನ್ನಿಯಕ್ಕ. ತುಂಗಾ ಅವಳ ಕೈಯಿಂದ ಯಂತ್ರವನ್ನು ಮೆಲ್ಲನೆ ಬಿಡಿಸಿ ಪ್ರವೀತ್‌ಗೆ ಕೊಟ್ಟಳು. ಇಬ್ಬರೂ ಕೈ ಹಿಡಿದುಕೊಂಡು ವರ್ಕಾಡಿಯ ಬಸ್ಸಿಗೆ ನಡೆದರು.